ಪೆಡಲು ತುಳಿದರೆ ಬಲ್ಬು ಎಷ್ಟು ಹೊತ್ತು ಉರಿಯುತ್ತದೆ?

ಮಳೆಗಾಲ ಶುರುವಾಯಿತು ಅಂದರೆ ಸಕಲೇಶಪುರ, ಆಲೂರು ಕಡೆ ಕರೆಂಟನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಗಾಳಿಗೆ ಮರ ತಂತಿ ಮೇಲೆ ಬಿದ್ದರೆ ತೋಟದ ಮನೆಗಳಿಗೆ ಒಂದೆರಡು ದಿನ ಕತ್ತಲೆ. ವಾರಗಟ್ಟಲೆ ಮೋಡ ಕವಿದಿರುವಾಗ ಸೋಲಾರ್ ಪ್ಯಾನೆಲ್ಲೂ ಕೈ ಕೊಡುತ್ತದೆ. ಅಂಥ ಹೊತ್ತಿನಲ್ಲಿ ಜಗಲಿಯಲ್ಲಿ ನಿಂತ ಸೈಕಲ್ ನೋಡಿ ಮನೆಯಲ್ಲಿ ಒಬ್ಬರಾದರೂ ಕೇಳುತ್ತಾರೆ: "ಇದನ್ನ ತುಳಿದು ಒಂದು ಬಲ್ಬು ಉರಿಸೋಕೆ ಎಷ್ಟು ಹೊತ್ತು ಬೇಕು?"

ಈ ಪ್ರಶ್ನೆಗೆ ಎರಡು ಉತ್ತರ ಇವೆ. ಬಲ್ಬು ಹೊತ್ತಿಕೊಳ್ಳುವುದಕ್ಕೆ ಹೊತ್ತೇ ಬೇಡ. ಸೈಕಲ್‌ಗೆ ಕೂಡಿಸಿದ ಡೈನಮೋ ಸಾಕಷ್ಟು ವೇಗವಾಗಿ ತಿರುಗಿದ ಕೂಡಲೇ ಬೆಳಕು ಬರುತ್ತದೆ. ತುಳಿಯುವುದು ನಿಲ್ಲಿಸಿದರೆ ಬೆಳಕೂ ಹೋಗುತ್ತದೆ. ಆದರೆ ಕೇಳಿದವರಿಗೆ ಬೇಕಿರುವುದು ಅದಲ್ಲ. ಸಂಜೆ ಸ್ವಲ್ಪ ಹೊತ್ತು ತುಳಿದು, ಆಮೇಲೆ ಕೂತು ಊಟ ಮಾಡಬೇಕು, ಮಕ್ಕಳು ಓದಬೇಕು, ಅಷ್ಟೂ ಹೊತ್ತು ಬೆಳಕಿರಬೇಕು. ಹಾಗಾದರೆ ನಾವು ಕೇಳಬೇಕಾದದ್ದು, ಒಂದು ಗಂಟೆ ತುಳಿದರೆ ಬಲ್ಬು ಎಷ್ಟು ಗಂಟೆ ಉರಿಯುತ್ತದೆ ಅಂತ. ಅದನ್ನು ಲೆಕ್ಕ ಹಾಕಲು ಮೊದಲು ಗೊತ್ತಾಗಬೇಕಾದದ್ದು ನಮ್ಮ ಕಾಲು ಎಷ್ಟು ವ್ಯಾಟ್ ಕೊಡುತ್ತದೆ ಅನ್ನುವುದು.

ಇದನ್ನು ತಿಳಿಯಲು ಯಾವ ಉಪಕರಣವೂ ಬೇಡ. ನಮ್ಮ ಹಾಸನ ಜಿಲ್ಲೆಯಲ್ಲೇ ಅದಕ್ಕೆ ಒಳ್ಳೆಯ ಜಾಗ ಇದೆ. ಶ್ರವಣಬೆಳಗೊಳದ ವಿಂಧ್ಯಗಿರಿ. ಗೊಮ್ಮಟೇಶ್ವರನನ್ನು ನೋಡಲು ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಬುಡದಿಂದ ಮೇಲಕ್ಕೆ ಎತ್ತರ ಸುಮಾರು 140 ಮೀಟರ್. ಹತ್ತುವಾಗ ನಾವು ನಮ್ಮ ತೂಕವನ್ನೇ ಅಷ್ಟು ಎತ್ತರಕ್ಕೆ ಎತ್ತುತ್ತೇವೆ. ಎತ್ತಲು ಬೇಕಾದ ಶಕ್ತಿಯ ಲೆಕ್ಕ ಸುಲಭ. ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು 9.8ರಿಂದ ಗುಣಿಸಿ, ಎತ್ತರದಿಂದ ಇನ್ನೊಮ್ಮೆ ಗುಣಿಸಿದರೆ ಉತ್ತರ ಜೂಲ್‌ನಲ್ಲಿ ಬರುತ್ತದೆ. 60 ಕೆಜಿ ಇರುವವರಿಗೆ ಇದು ಸುಮಾರು 82,000 ಜೂಲ್. ಇದನ್ನು ಹತ್ತಲು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 20 ನಿಮಿಷ ಅಂದರೆ 1200 ಸೆಕೆಂಡು. 82,000 ಭಾಗ 1200, ಹತ್ತಿರ ಹತ್ತಿರ 68 ವ್ಯಾಟ್.

ನಡುವೆ ನಿಲ್ಲದೆ, ಏದುಸಿರು ಬಿಡದೆ, ಒಂದೇ ಹದದಲ್ಲಿ ಹತ್ತುವ ಸಾಮಾನ್ಯ ಮನುಷ್ಯನ ಲೆಕ್ಕ ಇದು. ಅದೇ ವ್ಯಕ್ತಿ 15 ನಿಮಿಷದಲ್ಲಿ ಹತ್ತಿದರೆ 91 ವ್ಯಾಟ್. ಅರ್ಧ ಗಂಟೆ ತೆಗೆದುಕೊಂಡರೆ 46. ಮುಂದಿನ ಸಲ ಹೋದಾಗ ಮೊಬೈಲ್‌ನಲ್ಲಿ ಸಮಯ ನೋಡಿಕೊಂಡು ಹತ್ತಿ. ನಡುವೆ ಕೂತು ಸುಧಾರಿಸಿಕೊಂಡ ಹೊತ್ತನ್ನೂ ಸೇರಿಸಿಯೇ ಲೆಕ್ಕ ಹಾಕಿ. ನಿಮ್ಮ ಕಾಲಿನ ವ್ಯಾಟ್ ನಿಮಗೇ ಗೊತ್ತಾಗುತ್ತದೆ.

ಸೈಕಲ್ ತುಳಿಯುವಾಗಲೂ ಕೆಲಸ ಮಾಡುವುದು ಹೆಚ್ಚುಕಡಿಮೆ ಅದೇ ಸ್ನಾಯುಗಳು, ಅಂಕಿಯೂ ಸುಮಾರು ಅಷ್ಟೇ ಬರುತ್ತದೆ. ವ್ಯಾಯಾಮದ ಅಭ್ಯಾಸವಿಲ್ಲದ ಆರೋಗ್ಯವಂತರು ಒಂದು ಗಂಟೆ ಕಾಲ 50ರಿಂದ 100 ವ್ಯಾಟ್ ಕೊಡಬಲ್ಲರು. ದಿನಾ ಸೈಕಲ್ ಹೊಡೆಯುವವರು 150, 200ರವರೆಗೂ ಹೋಗುತ್ತಾರೆ. ಈ ಲೇಖನದ ಪೂರ್ತಿ ನಾನು 75 ವ್ಯಾಟ್ ಹಿಡಿದುಕೊಳ್ಳುತ್ತೇನೆ. ನಮ್ಮ ಕಡೆ ಪಂಪ್‌ಸೆಟ್ ಇರುವವರಿಗೆಲ್ಲ ಎಚ್‌ಪಿ ಲೆಕ್ಕ ಗೊತ್ತು. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಅಂದರೆ ನಮ್ಮ ಕಾಲು ಒಂದು ಎಚ್‌ಪಿಯ ಹತ್ತನೇ ಒಂದು ಪಾಲು. 5 ಎಚ್‌ಪಿ ಪಂಪು ಓಡಬೇಕಾದರೆ ನಮ್ಮಂಥ 50 ಜನ ಒಟ್ಟಿಗೆ ತುಳಿಯಬೇಕು. ಅದೂ ದಾರಿಯಲ್ಲಿ ಒಂದಿಷ್ಟೂ ನಷ್ಟವಾಗದಿದ್ದರೆ.

"ನಾನು ಅದಕ್ಕಿಂತ ಜೋರಾಗಿ ತುಳೀತೀನಿ" ಅಂತ ಹುಡುಗರು ಹೇಳುತ್ತಾರೆ. ನಿಜ. ಎದ್ದು ನಿಂತು ತುಳಿದರೆ ಸಾಧಾರಣ ಹುಡುಗನೂ ಕೆಲವು ಸೆಕೆಂಡು 400, 500 ವ್ಯಾಟ್ ಕೊಡುತ್ತಾನೆ. ಆದರೆ ಆ ಶಕ್ತಿ ಬರುವುದು ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟ ದಾಸ್ತಾನಿನಿಂದ. ಹತ್ತು ಸೆಕೆಂಡಿನ ಹೊತ್ತಿಗೆ ಅದರ ಬಹುಪಾಲು ಖಾಲಿಯಾಗುತ್ತದೆ. ಆಮೇಲೆ ಒಂದೆರಡು ನಿಮಿಷ ಆಮ್ಲಜನಕ ಸಾಲದಿದ್ದರೂ ಹೇಗೋ ಎಳೆಯಬಹುದು, ಆದರೆ ತೊಡೆ ಉರಿಯಲು ಶುರುವಾಗುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ತುಳಿಯಬೇಕಾದರೆ ಉಸಿರಿನಿಂದ ಬರುವ ಆಮ್ಲಜನಕವೇ ಗತಿ. ಅದಕ್ಕೊಂದು ಮಿತಿ ಇದೆ. ಜರ್ಮನಿಯ ಟ್ರ್ಯಾಕ್ ಸೈಕ್ಲಿಸ್ಟ್ ರಾಬರ್ಟ್ ಫೋರ್ಸ್ಟ್‌ಮನ್ 700 ವ್ಯಾಟಿನ ಒಂದು ಬ್ರೆಡ್ ಟೋಸ್ಟರ್ ಅನ್ನು ಪೆಡಲು ತುಳಿದು ಓಡಿಸಿ ತೋರಿಸಿದ್ದಾರೆ. ಮರದ ಬೊಡ್ಡೆಯಷ್ಟು ದಪ್ಪ ತೊಡೆಯ ಆ ಆಟಗಾರ ಒಂದು ತುಂಡು ಬ್ರೆಡ್ ಕೆಂಪಗಾಗುವಷ್ಟರಲ್ಲಿ ನೆಲಕ್ಕೆ ಒರಗಿಬಿಟ್ಟರು.

75 ವ್ಯಾಟ್‌ಗೆ ದೇಹ ಏನು ಖರ್ಚು ಮಾಡುತ್ತದೆ ಅಂತಲೂ ನೋಡಬೇಕು. ಸ್ನಾಯು ಉರಿಸುವ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ನೂರಕ್ಕೆ 20ರಿಂದ 25 ಪಾಲು ಮಾತ್ರ. ಉಳಿದದ್ದೆಲ್ಲ ಮೈಬಿಸಿ. ಹಾಗಾಗಿ ಪೆಡಲಿನಲ್ಲಿ 75 ವ್ಯಾಟ್ ಬರಬೇಕಾದರೆ ದೇಹ ಸುಮಾರು 340 ವ್ಯಾಟ್ ಹೆಚ್ಚುವರಿಯಾಗಿ ಖರ್ಚು ಮಾಡುತ್ತದೆ. ಅದಕ್ಕೆ ನಿಮಿಷಕ್ಕೆ ಒಂದು ಲೀಟರ್ ಆಮ್ಲಜನಕ ಜಾಸ್ತಿ ಬೇಕು. ಒಂದು ಗಂಟೆಗೆ ಸುಮಾರು 290 ಕ್ಯಾಲೊರಿ ಆಯಿತು. 90 ಗ್ರಾಂ ರಾಗಿ ಹಿಟ್ಟಿನಲ್ಲಿ ಅಷ್ಟೇ ಇರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಮುದ್ದೆ. ಇನ್ನು ರಸ್ತೆಯಲ್ಲಿ ಓಡುವ ಸೈಕಲ್‌ಗೆ ಗಾಳಿ ತಾಗಿ ಮೈ ತಣ್ಣಗಾಗುತ್ತದೆ. ನಿಂತಲ್ಲೇ ತುಳಿಯುವಾಗ ಆ ಗಾಳಿ ಇಲ್ಲ. ಅದಕ್ಕೇ ಒಂದೇ ಹದದಲ್ಲಿ ತುಳಿದರೂ ಮನೆಯೊಳಗೆ ಬೆವರು ಧಾರಾಳವಾಗಿ ಇಳಿಯುತ್ತದೆ. ಕಿಟಕಿ ಬಾಗಿಲು ತೆರೆದಿಟ್ಟರೆ ಅದೇ 75 ವ್ಯಾಟನ್ನು ಜಾಸ್ತಿ ಹೊತ್ತು ಎಳೆಯಬಹುದು.

ಈಗ ಸೈಕಲ್ ಹತ್ತಿರ ಬರೋಣ.

75 ವ್ಯಾಟ್ ಅಂದರೆ ಪೆಡಲಿನ ಮೇಲೆ ಎಷ್ಟು ಒತ್ತಡ? ಅದು ನಾವು ನಿಮಿಷಕ್ಕೆ ಎಷ್ಟು ಸುತ್ತು ತುಳಿಯುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಪೆಡಲಿನ ಕ್ರ್ಯಾಂಕು ಸಾಮಾನ್ಯವಾಗಿ 17 ಸೆಂಟಿಮೀಟರ್ ಉದ್ದ. ನಿಮಿಷಕ್ಕೆ 60 ಸುತ್ತು, ಅಂದರೆ ಸೆಕೆಂಡಿಗೆ ಒಂದು ಸುತ್ತು ತುಳಿದರೆ, ಸುತ್ತಿನ ಉದ್ದಕ್ಕೂ ಸರಾಸರಿ 7 ಕೆಜಿ ಭಾರ ಒತ್ತಿದಷ್ಟು ಬಲ ಸಾಕು. 30 ಸುತ್ತಿಗೆ ಇಳಿಸಿದರೆ ಅದೇ 75 ವ್ಯಾಟ್‌ಗೆ 14 ಕೆಜಿ ಒತ್ತಬೇಕು. ಕೆಲಸ ಒಂದೇ, ಆದರೆ ಮಂಡಿಗೆ ಬೀಳುವ ಹೊರೆ ಎರಡರಷ್ಟು. ನಿಧಾನವಾಗಿ ಗಟ್ಟಿಯಾಗಿ ತುಳಿಯುವುದಕ್ಕಿಂತ ಹಗುರವಾಗಿ ಬೇಗ ಬೇಗ ತುಳಿಯುವುದು ಒಳ್ಳೆಯದು ಅನ್ನುವುದು ಇದಕ್ಕೇ. 60ರಿಂದ 70 ಸುತ್ತು ಬಹಳ ಜನಕ್ಕೆ ಹಿತವಾಗಿರುತ್ತದೆ. ಗಡಿಯಾರದ ಸೆಕೆಂಡು ಮುಳ್ಳು ನೋಡಿಕೊಂಡು, ಪ್ರತಿ ಟಿಕ್‌ಗೂ ಬಲಗಾಲು ಕೆಳಗೆ ಬರುವಂತೆ ತುಳಿದರೆ ಸರಿಯಾಗಿ 60 ಆಗುತ್ತದೆ.

ಈ ತಿರುಗಾಟವನ್ನು ಕರೆಂಟು ಮಾಡುವ ವಿಧಾನಗಳು ಹಲವಿವೆ. ಹಿಂದೆ ಸೈಕಲ್ ಟೈರಿನ ಪಕ್ಕಕ್ಕೆ ಒತ್ತಿಕೊಂಡು ತಿರುಗುತ್ತಿದ್ದ ಬಾಟಲಿ ಆಕಾರದ ಡೈನಮೋ ನೆನಪಿದೆ ಅಲ್ವಾ? ಅದು 6 ವೋಲ್ಟ್, 3 ವ್ಯಾಟ್. ದಾರಿ ಕಾಣುವಷ್ಟು ಬೆಳಕಿಗೆ ಅದು ಸಾಕಿತ್ತು. ನಮ್ಮ 75 ವ್ಯಾಟ್ ಹಿಡಿಯಲು ಅದಕ್ಕೆ ಆಗುವುದಿಲ್ಲ. ಗುಜರಿಯಲ್ಲೋ ಬಿಡಿಭಾಗದ ಅಂಗಡಿಯಲ್ಲೋ ಸಿಗುವ, ಎಲೆಕ್ಟ್ರಿಕ್ ಸೈಕಲ್‌ಗೆ ಹಾಕುವಂಥ 24 ವೋಲ್ಟಿನ ಡಿಸಿ ಮೋಟರ್ ಬೇಕು. ಒಳಗೆ ಕಾಯಂ ಅಯಸ್ಕಾಂತ ಇರುವ ಮೋಟರನ್ನು ನಾವೇ ತಿರುಗಿಸಿದರೆ ಅದೇ ಜನರೇಟರ್ ಆಗುತ್ತದೆ. ಸೈಕಲ್‌ನ ಹಿಂದಿನ ಚಕ್ರವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಮೋಟರಿನ ಶಾಫ್ಟ್‌ಗೆ 5 ಸೆಂಟಿಮೀಟರ್ ದಪ್ಪದ ರೋಲರ್ ಹಾಕಿ, ಅದು ಟೈರಿಗೆ ಒತ್ತಿಕೊಳ್ಳುವಂತೆ ಕೂರಿಸಬೇಕು.

ಮುಂದಿನ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇದೆ ಅಂದುಕೊಳ್ಳಿ. ಪೆಡಲು 60 ಸುತ್ತು ತಿರುಗಿದರೆ ಹಿಂದಿನ ಚಕ್ರ 160 ಸುತ್ತು ತಿರುಗುತ್ತದೆ. ನಮ್ಮ ಹಳೇ ಕಾಲದ ದೊಡ್ಡ ಸೈಕಲ್‌ನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಅಂದರೆ ಟೈರಿನ ಮೇಲ್ಮೈ ನಿಮಿಷಕ್ಕೆ ಹತ್ತಿರ 350 ಮೀಟರ್ ಓಡುತ್ತದೆ. ರೋಲರಿನ ಸುತ್ತಳತೆ 16 ಸೆಂಟಿಮೀಟರಿಗೂ ಕಡಿಮೆ. ಹಾಗಾಗಿ ಅದು ನಿಮಿಷಕ್ಕೆ 2200ಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಆ ವೇಗಕ್ಕೆ ಈ ಬಗೆಯ ಮೋಟರ್ ಸುಮಾರು 16 ವೋಲ್ಟ್ ಕೊಡುತ್ತದೆ. 12 ವೋಲ್ಟ್ ಬ್ಯಾಟರಿ ಚಾರ್ಜ್ ಮಾಡಲು ಹೇಳಿ ಮಾಡಿಸಿದಂತಿರುವ ವೋಲ್ಟೇಜು.

ಇಲ್ಲಿಂದ ಶಕ್ತಿ ಸೋರುವ ಕಥೆ ಶುರು. ಪೆಡಲಿನಲ್ಲಿ 75 ವ್ಯಾಟ್ ಇತ್ತು. ಎಣ್ಣೆ ಬಿಟ್ಟ ಒಳ್ಳೆಯ ಚೈನು ಎರಡು ವ್ಯಾಟ್ ತಿನ್ನುತ್ತದೆ, ಅದು ಲೆಕ್ಕಕ್ಕಿಲ್ಲ. ದೊಡ್ಡ ಹೊಡೆತ ಟೈರು ಮತ್ತು ರೋಲರು ತಾಗುವ ಜಾಗದಲ್ಲಿ. ರೋಲರ್ ಒತ್ತಿದ ಕಡೆ ರಬ್ಬರು ತಗ್ಗುತ್ತದೆ, ಮತ್ತೆ ಉಬ್ಬುತ್ತದೆ. ಪ್ರತಿ ಸಲವೂ ಅದಕ್ಕೆ ಒಂದಿಷ್ಟು ಶಕ್ತಿ ಬೇಕು. ಹದಿಮೂರು ವ್ಯಾಟ್ ಇಲ್ಲೇ ಹೋಗುತ್ತದೆ, 60 ಉಳಿಯುತ್ತದೆ. ಮೋಟರು ಅದರಲ್ಲಿ ನೂರಕ್ಕೆ 75 ಪಾಲನ್ನು ಕರೆಂಟಾಗಿ ಮಾಡಿದರೆ 45 ವ್ಯಾಟ್ ಆಯಿತು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು ಮತ್ತು ವೈರು ಸೇರಿ ಇನ್ನೆರಡು ವ್ಯಾಟ್ ತೆಗೆದುಕೊಂಡರೆ ಬ್ಯಾಟರಿಯ ಬಾಯಿಗೆ ಮುಟ್ಟುವುದು 43. ಲೆಡ್ ಆಸಿಡ್ ಬ್ಯಾಟರಿ ತಾನು ಪಡೆದದ್ದರಲ್ಲಿ ನೂರಕ್ಕೆ 80 ಪಾಲು ವಾಪಸ್ ಕೊಟ್ಟರೆ ಅದು ಚೆನ್ನಾಗಿದೆ ಅಂತಲೇ ಅರ್ಥ. ಹಾಗಾಗಿ ಒಂದು ಗಂಟೆ ತುಳಿದು ನಾವು ಬಳಸಲು ಸಿಗುವುದು ಸುಮಾರು 34 ವ್ಯಾಟ್-ಅವರ್. ಅಂದರೆ 34 ವ್ಯಾಟಿನ ಒಂದು ಸಾಮಾನನ್ನು ಒಂದು ಗಂಟೆ ನಡೆಸುವಷ್ಟು.

ತಿಂದ ಮುದ್ದೆಯಿಂದ ಲೆಕ್ಕ ಹಾಕಿದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಬಲ್ಬಿನವರೆಗೆ ಬಂತು. ಅದರಲ್ಲೂ ಅತಿ ದೊಡ್ಡ ನಷ್ಟ ಯಾವ ಯಂತ್ರದಲ್ಲೂ ಅಲ್ಲ, ನಮ್ಮ ಸ್ನಾಯುವಿನಲ್ಲೇ ಆಗಿದೆ. ಅದನ್ನು ಸರಿಪಡಿಸಲು ನಮ್ಮ ಕೈಲಾಗುವುದಿಲ್ಲ. ಟೈರಿನ ನಷ್ಟವನ್ನು ಕಡಿಮೆ ಮಾಡಬಹುದು. ಟೈರನ್ನು ಬಿಚ್ಚಿ ರಿಮ್ಮಿನ ಮೇಲೇ ಬೆಲ್ಟ್ ಹಾಕಿ ಮೋಟರಿಗೆ ಕೂಡಿಸಿದರೆ ಹತ್ತಿರ ಹತ್ತು ವ್ಯಾಟ್ ಉಳಿಯುತ್ತದೆ. ಆದರೆ ಆಮೇಲೆ ಆ ಸೈಕಲ್ ರಸ್ತೆಗೆ ಇಳಿಯುವುದಿಲ್ಲ.

ಈಗ ಬಲ್ಬಿಗೆ ಬರೋಣ. ನಮ್ಮ ಪ್ರಶ್ನೆಯ ಉತ್ತರ ಕಾಲಿಗಿಂತ ಜಾಸ್ತಿ ಬಲ್ಬಿನ ಮೇಲೆ ನಿಂತಿದೆ ಅಂತ ನನಗೆ ಅನ್ನಿಸುತ್ತದೆ. ನೇರವಾಗಿ ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟಿನ 9 ವ್ಯಾಟ್ ಎಲ್ಇಡಿ ಬಲ್ಬು ಅಂಗಡಿಯಲ್ಲಿ ಸಿಗುತ್ತದೆ. 34 ಭಾಗ 9, ಅಂದರೆ ಮೂರೂಮುಕ್ಕಾಲು ಗಂಟೆ. ಸಂಜೆ ಏಳಕ್ಕೆ ಹಚ್ಚಿದರೆ ಹತ್ತೂಮುಕ್ಕಾಲರವರೆಗೆ ಬೆಳಕು. ಒಂದು ನಿಮಿಷದ ತುಳಿತಕ್ಕೆ ಹತ್ತಿರ ನಾಲ್ಕು ನಿಮಿಷದ ಬೆಳಕು ಅಂದುಕೊಂಡರೆ ನೆನಪಿಡಲು ಸುಲಭ.

ಮನೆಯಲ್ಲಿ ಈಗಾಗಲೇ ಇರುವ 230 ವೋಲ್ಟಿನ 9 ವ್ಯಾಟ್ ಎಲ್ಇಡಿ ಬಲ್ಬನ್ನೇ ಉರಿಸುತ್ತೇನೆ ಅಂದರೆ ನಡುವೆ ಇನ್ವರ್ಟರ್ ಬೇಕು. ಇಲ್ಲಿ ಬಹಳ ಜನ ಗಮನಿಸದ ಒಂದು ಸೋರಿಕೆ ಇದೆ. ಇನ್ವರ್ಟರ್ ಆನ್ ಆಗಿದ್ದರೆ ಸಾಕು, ಬಲ್ಬು ಹಾಕದಿದ್ದರೂ ತನ್ನ ಪಾಡಿಗೆ ಐದರಿಂದ ಹತ್ತು ವ್ಯಾಟ್ ಕುಡಿಯುತ್ತಿರುತ್ತದೆ. ದೊಡ್ಡ ಇನ್ವರ್ಟರ್ ಆದರೆ ಇನ್ನೂ ಜಾಸ್ತಿ. ಹೀಗೆ 9 ವ್ಯಾಟಿನ ಬಲ್ಬಿಗೆ ಬ್ಯಾಟರಿಯಿಂದ 16, 17 ವ್ಯಾಟ್ ಹೋಗುತ್ತದೆ. ಬೆಳಕು ಎರಡು ಗಂಟೆಗೇ ಮುಗಿಯುತ್ತದೆ. ಒಂದೇ ಬಲ್ಬಿಗೋಸ್ಕರ ಇನ್ವರ್ಟರ್ ಓಡಿಸುವುದು ಅಂದರೆ ನಾವು ಬೆವರು ಸುರಿಸಿ ತುಳಿದದ್ದರಲ್ಲಿ ಅರ್ಧವನ್ನು ಸುಮ್ನೆ ಬಿಸಿ ಮಾಡಿ ಚೆಲ್ಲಿದಂತೆ.

ಇನ್ನು ಹಳೇ ಬುರುಡೆ ಬಲ್ಬು, 60 ವ್ಯಾಟಿನದು. ಇನ್ವರ್ಟರಿನ ಪಾಲೂ ಸೇರಿ 70 ವ್ಯಾಟ್ ಆಗುತ್ತದೆ. ಒಂದು ಗಂಟೆ ತುಳಿದರೆ ಅರ್ಧ ಗಂಟೆಯೂ ಉರಿಯುವುದಿಲ್ಲ. ಬೆಳಕಾದರೂ ಜಾಸ್ತಿ ಬರುತ್ತದೆಯೇ ಅಂದರೆ ಅದೂ ಇಲ್ಲ. 9 ವ್ಯಾಟಿನ ಎಲ್ಇಡಿ ಅಷ್ಟೇ ಬೆಳಕು ಕೊಡುತ್ತದೆ, ಎಷ್ಟೋ ಸಲ ಸ್ವಲ್ಪ ಹೆಚ್ಚೇ ಕೊಡುತ್ತದೆ. ಬುರುಡೆ ಬಲ್ಬಿನೊಳಗಿನ ತಂತಿ ಬಹುಪಾಲು ಶಕ್ತಿಯನ್ನು ಬಿಸಿ ಮಾಡಿ ಹೊರಗೆ ಬಿಡುತ್ತದೆ. ಎಲ್ಇಡಿ ಬರುವ ಮುಂಚೆ ಪೆಡಲು ತುಳಿದು ಮನೆ ಬೆಳಗಿಸುವ ಮಾತು ಆಟದ ಮಾತಾಗಿತ್ತು. ಕಾಲು ಆವತ್ತಿನದೇ, ಬಲ್ಬು ಮಾತ್ರ ಬದಲಾಯಿತು.

ಬ್ಯಾಟರಿಯೇ ಇಲ್ಲದೆ ನೇರವಾಗಿ ಬಲ್ಬು ಕೂಡಿಸಿದರೆ ಇನ್ನೊಂದು ವಿಷಯ ಕಾಲಿಗೇ ತಿಳಿಯುತ್ತದೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ. ಏನೂ ಕೂಡಿಸದೆ ತುಳಿದರೆ ಪೆಡಲು ಹಗುರವಾಗಿ ತಿರುಗುತ್ತದೆ. 9 ವ್ಯಾಟಿನ 12 ವೋಲ್ಟ್ ಎಲ್ಇಡಿ ಹಾಕಿದರೆ ಸ್ವಲ್ಪ ಬಿಗಿಯಾದಂತೆ ಅನಿಸುತ್ತದೆ. ಅದನ್ನು ತೆಗೆದು ಕಾರಿನ ಹೆಡ್‌ಲೈಟಿನ 55 ವ್ಯಾಟಿನ ಹ್ಯಾಲೊಜೆನ್ ಬಲ್ಬು ಹಾಕಿ ನೋಡಿ. ಯಾರೋ ಹಿಂದಿನಿಂದ ಕ್ಯಾರಿಯರ್ ಹಿಡಿದು ಎಳೆದಂತೆ ಪೆಡಲು ಗಟ್ಟಿಯಾಗಿಬಿಡುತ್ತದೆ. ಬಲ್ಬು ಹೊತ್ತುವ ಆ ಕ್ಷಣದಲ್ಲಂತೂ ಇನ್ನೂ ಗಟ್ಟಿ. ಏಕೆಂದರೆ ತಣ್ಣಗಿರುವ ತಂತಿಯ ರೋಧ ಕೆಂಪಗೆ ಕಾದ ತಂತಿಯ ರೋಧದ ಹತ್ತನೇ ಒಂದರಷ್ಟು ಮಾತ್ರ. ಕಾಯುವವರೆಗೆ ಅದು ವಿಪರೀತ ಕರೆಂಟು ಎಳೆಯುತ್ತದೆ.

ಪೆಡಲು ಗಟ್ಟಿಯಾಗುವುದು ಯಾಕೆ? ಮೋಟರಿನ ಸುರುಳಿಯಲ್ಲಿ ಕರೆಂಟು ಹರಿದಾಗ ಆ ಸುರುಳಿಯೇ ಒಂದು ಅಯಸ್ಕಾಂತವಾಗುತ್ತದೆ. ಅದು ಯಾವಾಗಲೂ ನಾವು ತಿರುಗಿಸುತ್ತಿರುವ ದಿಕ್ಕಿಗೆ ಎದುರಾಗಿಯೇ ತಳ್ಳುತ್ತದೆ. ಕರೆಂಟು ಜಾಸ್ತಿಯಾದಷ್ಟೂ ಎದುರು ತಳ್ಳಾಟ ಜಾಸ್ತಿ. ಆ ತಳ್ಳಾಟದ ವಿರುದ್ಧ ಕಾಲು ಮಾಡುವ ಕೆಲಸವೇ ಬಲ್ಬಿನಲ್ಲಿ ಬೆಳಕಾಗಿ ಕಾಣುವುದು. ಒಂದೇ ಒಂದು ಬಲ್ಬು ಜಾಸ್ತಿ ಹಾಕಿದರೂ ಅದರ ಲೆಕ್ಕ ಆ ಕ್ಷಣವೇ ತೊಡೆಗೆ ಬರುತ್ತದೆ. ರಾಜ್ಯದ ವಿದ್ಯುತ್ ನಿಗಮವಾದ ಕೆಪಿಸಿಯ ದೊಡ್ಡ ಟರ್ಬೈನ್‌ಗಳಲ್ಲೂ ನಡೆಯುವುದು ಇದೇ. ಊರಿನಲ್ಲಿ ಸಂಜೆ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿದರೆ ಅಲ್ಲಿ ಟರ್ಬೈನ್ ಬಿಗಿಯಾಗುತ್ತದೆ, ಅದರ ವೇಗ ಕುಗ್ಗದಿರಲು ಇನ್ನಷ್ಟು ನೀರು ಬಿಡಬೇಕಾಗುತ್ತದೆ.

ನೇರವಾಗಿ ಕೂಡಿಸಿದ ಬಲ್ಬು ಮಿಣುಕುವುದನ್ನೂ ನೋಡಬಹುದು. ಪೆಡಲು ಮೇಲೆ ಮತ್ತು ಕೆಳಗೆ ನೆಟ್ಟಗೆ ನಿಂತಾಗ ನಮ್ಮ ಒತ್ತಡದಿಂದ ಅದು ತಿರುಗುವುದೇ ಇಲ್ಲ. ಒಂದು ಸುತ್ತಿನಲ್ಲಿ ಇಂಥ ಎರಡು ಖಾಲಿ ಜಾಗ ಬರುತ್ತವೆ. ಸೆಕೆಂಡಿಗೆ ಒಂದು ಸುತ್ತು ತುಳಿದರೆ ಬೆಳಕು ಸೆಕೆಂಡಿಗೆ ಎರಡು ಸಲ ಮಂಕಾಗುತ್ತದೆ. ಓದಲು ಇದು ಬಹಳ ಕಿರಿಕಿರಿ. ನಡುವೆ ಬ್ಯಾಟರಿ ಇದ್ದರೆ ಈ ಏರಿಳಿತವನ್ನೆಲ್ಲ ಅದೇ ನುಂಗಿಕೊಳ್ಳುತ್ತದೆ.

ಇಷ್ಟೆಲ್ಲ ಜೋಡಿಸಿ ತುಳಿದರೂ ಕೆಲವರಿಗೆ ಏನೂ ಸಿಗುವುದಿಲ್ಲ. ಕಾಲು ನೋಯುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಎಲ್ಲಿ ತಪ್ಪಿದೆ ಅಂತ ಹುಡುಕಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಅದನ್ನು ಬ್ಯಾಟರಿಗೆ ಹೋಗುವ ವೈರಿನ ನಡುವೆ, 10 ಆಂಪಿಯರ್ ಕಿಂಡಿಯಲ್ಲಿ ಸಿಕ್ಕಿಸಿ ತುಳಿಯಿರಿ. ಕರೆಂಟು 3 ಆಂಪಿಯರ್ ಆಸುಪಾಸು ಬರಬೇಕು. ಆಮೇಲೆ ಮೀಟರನ್ನು ತೆಗೆದು, ಅದರ ವೈರನ್ನು ವೋಲ್ಟಿನ ಕಿಂಡಿಗೆ ಬದಲಿಸಿ, ಬ್ಯಾಟರಿಯ ಎರಡು ತುದಿಗೆ ಹಿಡಿದರೆ ತುಳಿಯುವಾಗ 13, 14 ವೋಲ್ಟ್ ಕಾಣಬೇಕು. ಎರಡನ್ನೂ ಗುಣಿಸಿದರೆ ಬ್ಯಾಟರಿಗೆ ಮುಟ್ಟುತ್ತಿರುವ ವ್ಯಾಟ್. ಕಿಂಡಿ ಬದಲಿಸುವುದನ್ನು ಮಾತ್ರ ಮರೆಯಬೇಡಿ. ಆಂಪಿಯರ್ ಕಿಂಡಿಯಲ್ಲೇ ಇಟ್ಟು ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿದರೆ ಶಾರ್ಟ್ ಆಗಿ ಮೀಟರು ಸುಟ್ಟುಹೋಗಬಹುದು.

ಆಂಪಿಯರ್ ಸೊನ್ನೆಯ ಹತ್ತಿರ ಇದೆ, ಪೆಡಲೂ ಹಗುರವಾಗಿದೆ ಅಂದರೆ ಬಹುಶಃ ನೀವು ನಿಧಾನವಾಗಿ ತುಳಿಯುತ್ತಿದ್ದೀರಿ. 60 ಸುತ್ತಿಗೆ 16 ವೋಲ್ಟ್ ಕೊಡುವ ಮೋಟರ್ 50 ಸುತ್ತಿಗೆ 13 ಚಿಲ್ಲರೆ ಕೊಡುತ್ತದೆ. ಡಯೋಡಿನಲ್ಲಿ ಅರ್ಧ ವೋಲ್ಟ್ ಹೋಗುತ್ತದೆ. ಬ್ಯಾಟರಿಯೇ 12.6 ವೋಲ್ಟಿನಲ್ಲಿ ಕೂತಿರುವಾಗ ಒಳಕ್ಕೆ ತಳ್ಳಲು ಏನೂ ಉಳಿಯಲಿಲ್ಲ. 50ರಿಂದ 60ಕ್ಕೆ ಏರಿಸಿದರೆ ಕರೆಂಟು ಒಂದೇ ಸಲಕ್ಕೆ ಜಿಗಿಯುತ್ತದೆ. ಮಕ್ಕಳೋ ವಯಸ್ಸಾದವರೋ ತುಳಿಯುವುದಾದರೆ ರೋಲರನ್ನು ಸ್ವಲ್ಪ ಸಣ್ಣದು ಮಾಡಿ. ಆಗ ನಿಧಾನವಾಗಿ ತುಳಿದರೂ ವೋಲ್ಟೇಜು ಸಿಗುತ್ತದೆ. ಆದರೆ ಪೆಡಲು ಅಷ್ಟೇ ಗಟ್ಟಿಯಾಗುತ್ತದೆ.

ಪೆಡಲು ಗಟ್ಟಿಯಾಗಿಯೇ ಇದೆ, ಆಂಪಿಯರ್ ಮಾತ್ರ ಕಡಿಮೆ ಅಂದರೆ ಶಕ್ತಿ ಎಲ್ಲೋ ಬಿಸಿಯಾಗುತ್ತಿದೆ. ತುಳಿಯುವುದು ನಿಲ್ಲಿಸಿ ಕೈಯಿಂದ ಮುಟ್ಟಿ ನೋಡಿ. ಟೈರು ಬಿಸಿಯಾಗಿದ್ದರೆ, ರೋಲರಿನ ಕೆಳಗೆ ಕಪ್ಪು ರಬ್ಬರು ಪುಡಿ ಉದುರಿದ್ದರೆ, ರೋಲರ್ ಜಾರುತ್ತಿದೆ ಅಥವಾ ಟೈರಿನಲ್ಲಿ ಗಾಳಿ ಕಡಿಮೆ ಇದೆ. ಗಾಳಿ ಗಟ್ಟಿಯಾಗಿ ಹೊಡೆದು, ಜಾರದಿರುವಷ್ಟು ಮಾತ್ರ ರೋಲರ್ ಒತ್ತಿ. ಅದಕ್ಕಿಂತ ಜಾಸ್ತಿ ಒತ್ತಿದರೆ ಮತ್ತೆ ಟೈರೇ ಶಕ್ತಿ ತಿನ್ನುತ್ತದೆ. ವೈರು ಬೆಚ್ಚಗಿದ್ದರೆ ಅದು ತೆಳುವಾಯಿತು ಅಂತ ಅರ್ಥ. 3 ಆಂಪಿಯರ್ ಸಣ್ಣದೇ, ಆದರೂ 12 ವೋಲ್ಟಿನಲ್ಲಿ ಒಂದು ವೋಲ್ಟ್ ದಾರಿಯಲ್ಲೇ ಕಳೆದುಹೋದರೆ ಅದು ದೊಡ್ಡ ನಷ್ಟ. ಮನೆ ವೈರಿಂಗ್‌ಗೆ ಹಾಕುವ ದಪ್ಪ ವೈರು ಹಾಕಿ, ಉದ್ದ ಕಡಿಮೆ ಇಡಿ.

ಡಯೋಡನ್ನು ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ನೀವು ತುಳಿಯುವುದು ನಿಲ್ಲಿಸಿದ ಕೂಡಲೇ ಬ್ಯಾಟರಿ ಮೋಟರನ್ನು ಓಡಿಸಲು ಶುರು ಮಾಡುತ್ತದೆ. ಹಿಂದಿನ ಚಕ್ರ ತಾನಾಗಿಯೇ ತಿರುಗುತ್ತಲೇ ಇರುತ್ತದೆ. ಫ್ರೀವೀಲ್ ಇರುವುದರಿಂದ ಪೆಡಲು ನಿಂತಿರುತ್ತದೆ, ಹಾಗಾಗಿ ಕತ್ತಲೆಯಲ್ಲಿ ಗೊತ್ತಾಗದೆಯೂ ಹೋಗಬಹುದು. ಕೂಡಿಟ್ಟದ್ದೆಲ್ಲ ಅಲ್ಲೇ ಖಾಲಿ.

ಬ್ಯಾಟರಿ ಯಾವುದು ಹಾಕಬೇಕು? ಕಂಪ್ಯೂಟರ್ ಯುಪಿಎಸ್‌ನಲ್ಲಿ ಬರುವ 12 ವೋಲ್ಟ್ 7 ಎಎಚ್, ಅಂದರೆ 7 ಆಂಪಿಯರ್-ಅವರ್ ಬ್ಯಾಟರಿ ಅಗ್ಗಕ್ಕೆ ಸಿಗುತ್ತದೆ ಅಂತ ಎಲ್ಲರೂ ಅದನ್ನೇ ಹಾಕುತ್ತಾರೆ. ಆದರೆ ಅದಕ್ಕೆ 2 ಆಂಪಿಯರಿಗಿಂತ ಜಾಸ್ತಿ ಚಾರ್ಜ್ ಕೊಡಬಾರದು. ನಮ್ಮ ಕಾಲು ಕೊಡುವುದು 3ಕ್ಕಿಂತ ಹೆಚ್ಚು. ಬ್ಯಾಟರಿ ಬಿಸಿಯಾಗಿ ಬೇಗ ಹಾಳಾಗುತ್ತದೆ. 18 ಎಎಚ್ ಬ್ಯಾಟರಿ ಈ ಕೆಲಸಕ್ಕೆ ಸರಿ. 18ನ್ನು 12 ವೋಲ್ಟಿನಿಂದ ಗುಣಿಸಿದರೆ, ಪೂರ್ತಿ ತುಂಬಿದಾಗ ಅದರಲ್ಲಿ ಸುಮಾರು 216 ವ್ಯಾಟ್-ಅವರ್ ಇರುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ, ಹಾಗಾಗಿ ಬಳಸಬಹುದಾದದ್ದು 108. ಅಷ್ಟರಲ್ಲಿ 9 ವ್ಯಾಟಿನ ಎಲ್ಇಡಿ 12 ಗಂಟೆ ಉರಿಯುತ್ತದೆ. ಆ ಅರ್ಧವನ್ನು ಮತ್ತೆ ತುಂಬಿಸಲು ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ ತುಳಿಯಬೇಕು. ಮನೆಯಲ್ಲಿ ನಾಲ್ಕು ಜನ ಇದ್ದರೆ ತಲೆಗೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಬೀಳುತ್ತದೆ. ತುಂಬುತ್ತಾ ಬಂದ ಹಾಗೆ ವೋಲ್ಟೇಜು ಏರುತ್ತದೆ. 14.4 ವೋಲ್ಟ್ ಕಂಡರೆ ನಿಲ್ಲಿಸಿ. ಅದರ ಮೇಲೆ ತುಳಿದದ್ದು ಬ್ಯಾಟರಿಯೊಳಗಿನ ನೀರನ್ನು ಗಾಳಿ ಮಾಡಿ ಹೊರಗೆ ಹಾಕುತ್ತದೆ.

ಹಾಗಂತ ಕರೆಂಟ್ ಬಿಲ್ಲು ಉಳಿಸಲು ಇದನ್ನು ಮಾಡಲು ಹೋಗಬೇಡಿ. ಮೀಟರಿನ ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್. ಗಂಟೆಗೆ 43ರ ಲೆಕ್ಕದಲ್ಲಿ ಅಷ್ಟು ಕರೆಂಟು ಹುಟ್ಟಿಸಲು 23 ಗಂಟೆ ತುಳಿಯಬೇಕು. ಆ ಒಂದು ಯೂನಿಟ್‌ಗೆ ಬಿಲ್ಲಿನಲ್ಲಿ ಬರುವುದು ಆರು ರೂಪಾಯಿ ಆಸುಪಾಸು. 23 ಮುದ್ದೆ ಅದಕ್ಕಿಂತ ಎಷ್ಟೋ ದುಬಾರಿ. ಫ್ರಿಜ್ಜು, ಮಿಕ್ಸಿ, ಗೀಸರ್ ಯಾವುದೂ ಇದರಲ್ಲಿ ನಡೆಯುವುದಿಲ್ಲ. 2000 ವ್ಯಾಟಿನ ಗೀಸರ್ ಒಂದು ನಿಮಿಷ ಓಡಿದರೆ ಒಂದು ಗಂಟೆ ತುಳಿದದ್ದು ಮುಗಿಯಿತು. ಎರಡು ಎಲ್ಇಡಿ ಬಲ್ಬು, ಒಂದು ಮೊಬೈಲು, ಒಂದು ರೇಡಿಯೊ, ಇಷ್ಟಕ್ಕೆ ಇದು ಸರಿಹೋಗುತ್ತದೆ. 5000 ಎಂಎಎಚ್ ಮೊಬೈಲನ್ನು ಸೊನ್ನೆಯಿಂದ ಪೂರ್ತಿ ಚಾರ್ಜ್ ಮಾಡಲು ಬ್ಯಾಟರಿಯಿಂದ ಸುಮಾರು 25 ವ್ಯಾಟ್-ಅವರ್ ಹೋಗುತ್ತದೆ, ಅಂದರೆ ಮುಕ್ಕಾಲು ಗಂಟೆಯ ತುಳಿತ. ಮಳೆ ಜೋರಾಗಿ ಟವರ್ ಕೂಡ ಆಫ್ ಆಗಿದ್ದರೆ ಮೊಬೈಲನ್ನು ಫ್ಲೈಟ್ ಮೋಡ್‌ನಲ್ಲಿ ಇಡಿ. ಸಿಗದ ಸಿಗ್ನಲ್ ಹುಡುಕುತ್ತಾ ಅದು ಆ ಮುಕ್ಕಾಲು ಗಂಟೆಯ ಚಾರ್ಜನ್ನು ಬೇಗ ಖಾಲಿ ಮಾಡುತ್ತದೆ.